ಎಐ ಸರಿಮಾಡಿದ ಫೋಟೊ ದೊಡ್ಡದಾಗಿ ಪ್ರಿಂಟ್ ಹಾಕಿಸಿದರೆ ಕೂದಲು, ಸೀರೆ ಮಾತ್ರ ಏಕೆ ಮಸುಕಾಗುತ್ತದೆ?

'ಎಂಥ ಫೋಟೊ ಇದ್ದರೂ ಈ ಆ್ಯಪ್‌ಗೆ ಹಾಕಿ, ಒಂದೇ ಕ್ಲಿಕ್‌ಗೆ 4K ಆಗುತ್ತದೆ, ಗೋಡೆ ತುಂಬ ಫ್ರೇಮ್ ಹಾಕಿಸಬಹುದು' ಎಂಬ ಧಾಟಿಯ ಫಾರ್ವರ್ಡ್‌ಗಳು ಫ್ಯಾಮಿಲಿ ಗ್ರೂಪ್‌ಗಳಲ್ಲಿ ಓಡಾಡುತ್ತಿವೆ. ಜೊತೆಗೆ 'ಮೊದಲು' ಮತ್ತು 'ನಂತರ' ಎಂಬ ಎರಡು ಫೋಟೊ ಇರುತ್ತವೆ. ಮೊಬೈಲ್ ಪರದೆಯಲ್ಲಿ ನೋಡಿದಾಗ ಎರಡನೆಯದು ನಿಜಕ್ಕೂ ಚೆನ್ನಾಗಿಯೇ ಕಾಣುತ್ತದೆ. ಅದನ್ನು ನಂಬಿ ತೀರಿಹೋದ ಅಜ್ಜಿಯದೋ ಅಪ್ಪನದೋ ಫೋಟೊವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿದವರು ಫ್ರೇಮ್ ಮನೆಗೆ ಬಂದ ಮೇಲೆ ಹೇಳುವ ಮಾತು ಬೇರೆ. ಮುಖ ಸರಿಯಿದೆ, ಆದರೆ ತಲೆಗೂದಲು ಕಪ್ಪು ಬಣ್ಣ ಬಳಿದಂತಿದೆ, ಸೀರೆ ಪ್ಲಾಸ್ಟಿಕ್ ಹಾಳೆಯಂತಿದೆ ಎನ್ನುತ್ತಾರೆ.

ಫಾರ್ವರ್ಡ್‌ನ ಮಾತಿನಲ್ಲಿ ಅರ್ಧ ನಿಜವಿದೆ. ಎಐ ಬರೆದ ಭಾಗವನ್ನು ಪ್ರಿಂಟ್‌ಗೆ ಒಗ್ಗುವಂತೆ ಮಾಡಬಹುದು. ಆದರೆ ಅದು ಒಂದು ಕ್ಲಿಕ್‌ನ ಕೆಲಸವಲ್ಲ, ಯಾವ ಕೆಲಸ ಮೊದಲು ಯಾವುದು ಆಮೇಲೆ ಎಂಬುದು ಇಲ್ಲಿ ತುಂಬ ಮುಖ್ಯ. ಒಂದು ಉದಾಹರಣೆ ಇಟ್ಟುಕೊಂಡೇ ಇದನ್ನು ನೋಡೋಣ.

ಮದುವೆಯೊಂದರಲ್ಲಿ ಫೋನ್‌ನಲ್ಲಿ ತೆಗೆದ 3000 × 4000 ಪಿಕ್ಸೆಲ್‌ನ ಫೋಟೊ. ಅದರ ಒಂದು ಬದಿಯಲ್ಲಿ ಇಳಕಲ್ ಸೀರೆ ಉಟ್ಟ ಅಜ್ಜಿ ನಿಂತಿದ್ದಾರೆ. ಯಾರದೋ ಕೈ ಅಡ್ಡ ಬಂದು ಅವರ ತುರುಬಿನ ಅರ್ಧ ಭಾಗವನ್ನೂ ಹೆಗಲ ಮೇಲಿನ ಸೆರಗನ್ನೂ ಮುಚ್ಚಿದೆ. ಅಜ್ಜಿ ಈಗಿಲ್ಲ, ಅವರು ನಕ್ಕಿರುವ ಫೋಟೊ ಇದೊಂದೇ. ಮನೆಯವರಿಗೆ ಅಜ್ಜಿ ಒಬ್ಬರೇ ಇರುವ 12 × 18 ಇಂಚಿನ ಫ್ರೇಮ್ ಬೇಕು. ಸೊಂಟದಿಂದ ಮೇಲಕ್ಕೆ ಕತ್ತರಿಸಿದರೆ ಸಿಗುವುದು 1200 × 1800 ಪಿಕ್ಸೆಲ್. ಅಡ್ಡ ಬಂದ ಕೈಯನ್ನು ತೆಗೆದರೆ ಸುಮಾರು 500 × 700 ಪಿಕ್ಸೆಲ್‌ನಷ್ಟು ಜಾಗ ಖಾಲಿಯಾಗುತ್ತದೆ. ಅಲ್ಲಿ ಎಐ ಹೊಸದಾಗಿ ಕೂದಲನ್ನೂ ಬಟ್ಟೆಯನ್ನೂ ಬರೆಯಬೇಕು.

ಎಷ್ಟು ಪಿಕ್ಸೆಲ್ ಬೇಕು?

ಈ ಕತ್ತರಿಸಿದ ಫೋಟೊವನ್ನು ಹಾಗೆಯೇ 12 × 18 ಇಂಚಿಗೆ ಹರಡಿದರೆ ಇಂಚಿಗೆ 100 ಪಿಕ್ಸೆಲ್ ಬೀಳುತ್ತದೆ. ಕೈಯಲ್ಲಿ ಹಿಡಿದು ನೋಡುವ ಪ್ರಿಂಟ್‌ಗೆ ಇಂಚಿಗೆ 300 ಪಿಕ್ಸೆಲ್ ಇರಲಿ ಎನ್ನುವುದು ವಾಡಿಕೆ. ಇದಕ್ಕೆ ಕಾರಣ ನಮ್ಮ ಕಣ್ಣು. ಹತ್ತು ಇಂಚು ದೂರದಿಂದ ನೋಡಿದಾಗ ಒಳ್ಳೆಯ ದೃಷ್ಟಿಯವರಿಗೂ ಇಂಚಿಗೆ ಸುಮಾರು 340ಕ್ಕಿಂತ ಹೆಚ್ಚು ಚುಕ್ಕೆಗಳು ಬಿಡಿಬಿಡಿಯಾಗಿ ಕಾಣುವುದಿಲ್ಲ. ದೂರ ಹೆಚ್ಚಿದಂತೆ ಈ ಸಂಖ್ಯೆ ಇಳಿಯುತ್ತದೆ. ಎರಡು ಅಡಿಯಿಂದ ನೋಡಿದರೆ ಸುಮಾರು 140 ಸಾಕು. ಹಾಗಾಗಿ ಗೋಡೆಯ ಫ್ರೇಮ್‌ಗೆ 200 ಇದ್ದರೂ ನಡೆಯುತ್ತದೆ. ಆದರೆ ಅಜ್ಜಿಯ ಫೋಟೊವನ್ನು ಮೊಮ್ಮಕ್ಕಳು ಹತ್ತಿರ ಹೋಗಿಯೇ ನೋಡುತ್ತಾರೆ. ಆದ್ದರಿಂದ ಇಲ್ಲಿ 300ನ್ನೇ ಗುರಿಯಾಗಿ ಇಟ್ಟುಕೊಳ್ಳೋಣ, ಅಂದರೆ 3600 × 5400 ಪಿಕ್ಸೆಲ್. ಮೂರು ಪಟ್ಟು ಹಿಗ್ಗಿಸಬೇಕು.

ಇಲ್ಲೇ ಒಂದು ಪುರಾಣವನ್ನು ಒಡೆದುಬಿಡಬೇಕು. 'ಫೈಲ್‌ನ ಡಿಪಿಐ 300ಕ್ಕೆ ಬದಲಿಸಿ, ಕ್ವಾಲಿಟಿ ಬರುತ್ತದೆ' ಎನ್ನುವ ವಿಡಿಯೊಗಳು ಬಹಳ ಇವೆ. ಪಿಕ್ಸೆಲ್‌ಗಳು ಅಷ್ಟೇ ಇದ್ದು ಬರೀ ಆ ಸಂಖ್ಯೆಯನ್ನು ಬದಲಿಸಿದರೆ ಫೋಟೊದಲ್ಲಿ ಏನೂ ಬದಲಾಗುವುದಿಲ್ಲ. ಅದು ಎಷ್ಟು ಇಂಚಿಗೆ ಹರಡಬೇಕು ಎಂದು ಪ್ರಿಂಟರ್‌ಗೆ ಹೇಳುವ ಚೀಟಿ ಮಾತ್ರ.

ತೇಪೆ ಏಕೆ ಬೇರೆಯಾಗಿ ಕಾಣುತ್ತದೆ?

ಚಿತ್ರ ಬರೆಯುವ ಎಐ ಮಾದರಿಗಳಿಗೆ ಒಂದು ಸ್ವಂತ ಅಳತೆ ಇರುತ್ತದೆ. ಹೆಚ್ಚು ಬಳಕೆಗೆ ಬಂದ ಸ್ಟೇಬಲ್ ಡಿಫ್ಯೂಷನ್‌ನ ಮೊದಲ ಆವೃತ್ತಿಗಳು 512 × 512 ಪಿಕ್ಸೆಲ್‌ಗೆ ಕಲಿತವು, ಅದರ ಎಸ್‌ಡಿಎಕ್ಸ್‌ಎಲ್ ಆವೃತ್ತಿ 1024 × 1024ಕ್ಕೆ. ಫೋಟೊಶಾಪ್‌ಗೆ 2023ರಲ್ಲಿ ಬಂದ `Generative Fill` ಕೂಡ ಆರಂಭದಲ್ಲಿ ಒಂದು ಸಲಕ್ಕೆ 1024 × 1024 ಪಿಕ್ಸೆಲ್‌ನಷ್ಟನ್ನೇ ಬರೆಯುತ್ತಿತ್ತು. ಹೊಸ ಮಾದರಿಗಳಲ್ಲಿ ಈ ಮಿತಿ ಮೇಲೇರಿದೆ, ಆದರೆ ಮಿತಿ ಎಂಬುದು ಇದ್ದೇ ಇದೆ. ನೀವು ಗುರುತು ಮಾಡಿದ ಜಾಗ ಅದಕ್ಕಿಂತ ದೊಡ್ಡದಾದರೆ ಎಐ ಚಿಕ್ಕದಾಗಿ ಬರೆದು ಎಳೆದು ಹಿಗ್ಗಿಸಿ ಅಂಟಿಸುತ್ತದೆ. ಪಕ್ಕದಲ್ಲಿ ಕ್ಯಾಮೆರಾ ಹಿಡಿದ ನಿಜವಾದ ಕೂದಲು, ನಡುವೆ ಹಿಗ್ಗಿಸಿದ ಕೂದಲು. ಪರದೆಯಲ್ಲಿ ಅದು ಗೊತ್ತಾಗುವುದಿಲ್ಲ, ಪ್ರಿಂಟ್‌ನಲ್ಲಿ ಎದ್ದು ಕಾಣುತ್ತದೆ.

ಇನ್ನೂ ಎರಡು ಕಾರಣಗಳಿವೆ. ಈ ಬಗೆಯ ಮಾದರಿಗಳು ಚಿತ್ರವನ್ನು ಪಿಕ್ಸೆಲ್ ಪಿಕ್ಸೆಲ್ ಆಗಿ ಯೋಚಿಸುವುದಿಲ್ಲ. ಸ್ಟೇಬಲ್ ಡಿಫ್ಯೂಷನ್ 8 × 8 ಪಿಕ್ಸೆಲ್‌ನ ಒಂದೊಂದು ಚೌಕಕ್ಕೆ ಒಂದು ಸಂಕ್ಷಿಪ್ತ ಟಿಪ್ಪಣಿ ಇಟ್ಟುಕೊಂಡು ಕೆಲಸ ಮಾಡುತ್ತದೆ, ಕೊನೆಯಲ್ಲಿ ಆ ಟಿಪ್ಪಣಿಯಿಂದ ಪಿಕ್ಸೆಲ್‌ಗಳನ್ನು ಊಹಿಸಿ ಬರೆಯುತ್ತದೆ. ಆಕಾಶ, ಗೋಡೆ, ಕೆನ್ನೆಗೆ ಈ ಊಹೆ ಸಾಕು. ಎಂಟು ಪಿಕ್ಸೆಲ್ ಒಳಗೇ ನಾಲ್ಕು ಗೆರೆ ಬಂದುಹೋಗುವ ಕೂದಲಿಗೂ ನೇಯ್ಗೆಗೂ ಸಾಲುವುದಿಲ್ಲ. ಎರಡನೆಯದು, ಫೋನ್ ಕ್ಯಾಮೆರಾದ ಫೋಟೊದಲ್ಲಿ ಎಲ್ಲೆಲ್ಲೂ ಸಣ್ಣ ಕಣಕಣದ ನಾಯ್ಸ್ ಇರುತ್ತದೆ. ಎಐ ತೇಪೆ ಅದಿಲ್ಲದೆ ನುಣುಪಾಗಿರುತ್ತದೆ. 'ಪ್ಲಾಸ್ಟಿಕ್ ತರಹ' ಎಂದು ಜನ ಹೇಳುವುದು ಹೆಚ್ಚಾಗಿ ಈ ನುಣುಪನ್ನೇ.

ಮೊದಲು ತೇಪೆ, ಆಮೇಲೆ ಹಿಗ್ಗಿಸುವುದು

ನಮ್ಮ ಉದಾಹರಣೆಯಲ್ಲಿ ಹೆಚ್ಚಿನವರು ಮಾಡುವ ತಪ್ಪು ಎರಡು ಬಗೆಯದು. ಮೊದಲನೆಯದು, ಇಡೀ ಮದುವೆ ಫೋಟೊವನ್ನು ಆ್ಯಪ್‌ಗೆ ಹಾಕಿ 'ಕೈ ತೆಗೆ' ಎನ್ನುವುದು. ಇಂಥ ಕೆಲವು ಆ್ಯಪ್‌ಗಳು ಫೋಟೊವನ್ನು ಮೊದಲು ಕುಗ್ಗಿಸುತ್ತವೆ. ಉದ್ದದ ಬದಿ 4000 ಇದ್ದದ್ದು 1024 ಆದರೆ ಅಜ್ಜಿಯ ಪಾಲಿಗೆ ಉಳಿಯುವುದು ಸುಮಾರು 307 × 461 ಪಿಕ್ಸೆಲ್. 12 × 18 ಇಂಚಿಗೆ ಇಂಚಿಗೆ ಸುಮಾರು 26 ಪಿಕ್ಸೆಲ್ ಅಷ್ಟೇ. ಅದಕ್ಕಿಂತ ಕೆಟ್ಟದ್ದೆಂದರೆ, ಮಾತಿನಲ್ಲಿ ಹೇಳಿ ಫೋಟೊ ತಿದ್ದಿಸುವ ಹಲವು ಆ್ಯಪ್‌ಗಳು ಗುರುತು ಮಾಡಿದ ಜಾಗವನ್ನಷ್ಟೇ ಅಲ್ಲ, ಇಡೀ ಚಿತ್ರವನ್ನೇ ಹೊಸದಾಗಿ ಬರೆಯುತ್ತವೆ. ಅಜ್ಜಿಯ ಮುಖವೂ ಹೊಸದಾಗಿ ಬರೆದದ್ದೇ. ನೋಡಲು ಅವರಂತೆಯೇ ಇರುತ್ತಾರೆ, ಆದರೆ ಅವರಲ್ಲ.

ಎರಡನೆಯ ತಪ್ಪು, 'ಮೊದಲು 4K ಮಾಡಿಕೊಳ್ಳೋಣ' ಎಂದು ಹಿಗ್ಗಿಸಿ ಆಮೇಲೆ ತೇಪೆ ಹಾಕುವುದು. ಮೂರು ಪಟ್ಟು ಹಿಗ್ಗಿಸಿದ ಮೇಲೆ ಖಾಲಿ ಜಾಗ 1500 × 2100 ಪಿಕ್ಸೆಲ್ ಆಗಿರುತ್ತದೆ. 1024ರ ಮಿತಿಯಿರುವ ಎಐ ಅದನ್ನು ಅರ್ಧ ಅಳತೆಯಲ್ಲಿ ಬರೆದು ಎರಡು ಪಟ್ಟು ಎಳೆಯುತ್ತದೆ. ಅದೇ ಮೂಲ ಅಳತೆಯಲ್ಲಿ ತೇಪೆ ಹಾಕಿದ್ದರೆ 500 × 700 ಪಿಕ್ಸೆಲ್ ಮಿತಿಯೊಳಗೇ ಹಿಡಿಯುತ್ತಿತ್ತು, ಸುತ್ತಲಿನ ಕೂದಲನ್ನು ನೋಡಿಕೊಳ್ಳಲು ಎಐಗೆ ಜಾಗವೂ ಉಳಿಯುತ್ತಿತ್ತು.

ಹಾಗಾಗಿ ಕ್ರಮ ಹೀಗಿರಲಿ. ಮೊದಲು ಅಜ್ಜಿಯನ್ನು ಮಾತ್ರ ಕತ್ತರಿಸಿ 1200 × 1800ರ ಫೈಲ್ ಮಾಡಿಕೊಳ್ಳಿ. ಅದರಲ್ಲಿ ಕೂದಲಿನ ಭಾಗವನ್ನು ಒಂದು ಸಲ, ಸೆರಗಿನ ಭಾಗವನ್ನು ಇನ್ನೊಂದು ಸಲ, ಬೇರೆ ಬೇರೆಯಾಗಿ ಗುರುತಿಸಿ ಬರೆಸಿ. ಬಂದ ಚಿತ್ರವನ್ನು ಮೂಲ ಫೋಟೊದ ಮೇಲೆ ಇನ್ನೊಂದು ಲೇಯರ್ ಆಗಿ ಇಟ್ಟು, ತೇಪೆಯ ಜಾಗ ಬಿಟ್ಟು ಉಳಿದದ್ದನ್ನೆಲ್ಲ ಮಾಸ್ಕ್ ಮಾಡಿ ಮರೆಮಾಡಿ. ಹೀಗೆ ಮಾಡಿದರೆ ಮುಖ, ಕೈಬಳೆ, ನಗು ಎಲ್ಲವೂ ಕ್ಯಾಮೆರಾ ಹಿಡಿದದ್ದೇ ಉಳಿಯುತ್ತದೆ. ಫೋಟೊಶಾಪ್ ಇಲ್ಲದವರು ಬ್ರೌಸರ್‌ನಲ್ಲೇ ತೆರೆಯುವ `Photopea`ದಲ್ಲಿ ಲೇಯರ್ ಮತ್ತು ಮಾಸ್ಕ್ ಕೆಲಸ ಮಾಡಬಹುದು. ಫೋನ್‌ನಲ್ಲೂ ಆಗುತ್ತದೆ, ಆದರೆ ಬೆರಳಿಗಿಂತ ಮೌಸ್ ವಾಸಿ.

ಈಗ ಫೋಟೊವನ್ನು 100 ಪರ್ಸೆಂಟ್ ಗಾತ್ರದಲ್ಲಿ ನೋಡಿ. ತೇಪೆ ಪಕ್ಕದ ಕೂದಲಿಗಿಂತ ಮೃದುವಾಗಿದ್ದರೆ ತೇಪೆಯ ಲೇಯರ್‌ಗೆ ಮಾತ್ರ ಒಂಚೂರು ಶಾರ್ಪನ್ ಕೊಡಿ. ಆಮೇಲೆ ಅದೇ ಲೇಯರ್‌ಗೆ `Add Noise`ನಲ್ಲಿ 1ರಿಂದ 3 ಪರ್ಸೆಂಟ್ ನಾಯ್ಸ್ ಸೇರಿಸಿ, `Monochromatic` ಆಯ್ಕೆ ಇಟ್ಟುಕೊಳ್ಳಿ. ಎಷ್ಟು ಎಂಬುದನ್ನು ಸಂಖ್ಯೆ ನೋಡಿ ತೀರ್ಮಾನಿಸಬೇಡಿ, ಪಕ್ಕದ ಜಾಗ ನೋಡಿ ತೀರ್ಮಾನಿಸಿ. ತೇಪೆ ಎಲ್ಲಿಂದ ಶುರುವಾಗಿದೆ ಎಂದು ನಿಮಗೇ ಹುಡುಕಬೇಕಾಗಿ ಬಂದರೆ ಸಾಕು. ಹಿಗ್ಗಿಸುವ ಮೊದಲೇ ಹೀಗೆ ಹೊಂದಿಸುವುದಕ್ಕೆ ಕಾರಣವಿದೆ. ಹಿಗ್ಗಿಸುವ ತಂತ್ರಾಂಶ ಹಳೆಯದನ್ನೂ ಹೊಸದನ್ನೂ ಒಂದೇ ಬಗೆಯಲ್ಲಿ ನೋಡಬೇಕು. ನುಣುಪಾದ ಜಾಗ ಸಿಕ್ಕಿದರೆ ಅದು ಇನ್ನಷ್ಟು ನುಣುಪು ಮಾಡುತ್ತದೆ.

ಒಂದೊಂದು ಕೂದಲೂ ಕಾಣಬೇಕೇ?

ಜಾಹೀರಾತುಗಳು ಹಾಗೆಯೇ ಹೇಳುತ್ತವೆ. ಲೆಕ್ಕ ಹಾಕಿ ನೋಡೋಣ. ಈ ಫೋಟೊದಲ್ಲಿ ಅಜ್ಜಿಯ ತಲೆಯ ಎತ್ತರ ಸುಮಾರು 400 ಪಿಕ್ಸೆಲ್, ನಿಜದಲ್ಲಿ ಸುಮಾರು 22 ಸೆಂಟಿಮೀಟರ್. ಅಂದರೆ ಒಂದು ಪಿಕ್ಸೆಲ್‌ಗೆ ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ಹೆಚ್ಚು. ತಲೆಗೂದಲಿನ ದಪ್ಪ ಸುಮಾರು 0.07 ಮಿಲಿಮೀಟರ್. ಒಂದು ಪಿಕ್ಸೆಲ್‌ನಲ್ಲಿ ಏಳೆಂಟು ಕೂದಲು ಪಕ್ಕಪಕ್ಕ ಮಲಗಿರುತ್ತವೆ. ಅಂದಮೇಲೆ ಕ್ಯಾಮೆರಾ ಒಂಟಿ ಕೂದಲನ್ನು ಹಿಡಿದೇ ಇಲ್ಲ. ಅದು ಹಿಡಿದಿರುವುದು ಕೂದಲ ಎಳೆಗಳ ಗೊಂಚಲುಗಳನ್ನು, ಅವುಗಳ ಮೇಲಿನ ಹೊಳಪು ಮತ್ತು ನೆರಳನ್ನು. ಮೂರು ಪಟ್ಟು ಹಿಗ್ಗಿಸಿದ ಮೇಲೂ ಒಂದು ಪಿಕ್ಸೆಲ್‌ಗೆ ಎರಡು ಮೂರು ಕೂದಲು ಬರುತ್ತವೆ.

ಆದ್ದರಿಂದ ಈ ಪ್ರಿಂಟ್‌ನಲ್ಲಿ ಒಂದೊಂದು ಕೂದಲೂ ಬಿಡಿಸಿ ಬರೆದಂತೆ ಕಂಡರೆ ಅದು ನಿಜಕ್ಕಿಂತ ದಪ್ಪವಾದ, ತಂತ್ರಾಂಶ ಎಳೆದ ಗೆರೆ. ಶಾವಿಗೆ ಹರಡಿದಂತೆ ಒಂದೇ ದಪ್ಪದ, ಒಂದೇ ಅಂತರದ ಗೆರೆಗಳು, ಬುಡವೂ ಇಲ್ಲದೆ ತುದಿಯೂ ಇಲ್ಲದೆ ನಡುವೆಯೇ ಮಾಯವಾಗುವ ಎಳೆಗಳು ಕಂಡರೆ ಅನುಮಾನಿಸಿ. ಒಳ್ಳೆಯ ಪ್ರಿಂಟ್‌ನಲ್ಲಿ ಗೊಂಚಲುಗಳ ದಿಕ್ಕು ಸರಿಯಿರುತ್ತದೆ. ಬೈತಲೆಯಿಂದ ಹೊರಟ ಎಳೆ ತುರುಬಿನವರೆಗೂ ಹೋಗುತ್ತದೆ. ಕಣ್ಣಿಗೆ ಬೇಕಾದದ್ದು ಅಷ್ಟೇ.

ಹಿಗ್ಗಿಸುವಾಗ ಏನು ನಡೆಯುತ್ತದೆ?

ಹಿಗ್ಗಿಸುವುದರಲ್ಲಿ ಎರಡು ಜಾತಿ. ಹಳೆಯದು ಬೈಕ್ಯೂಬಿಕ್, ಲ್ಯಾಂಕ್ಜೋಸ್ ಎಂಬ ಲೆಕ್ಕಾಚಾರಗಳದ್ದು. ಅಕ್ಕಪಕ್ಕದ ಪಿಕ್ಸೆಲ್‌ಗಳ ಬಣ್ಣದಿಂದ ನಡುವಿನ ಬಣ್ಣವನ್ನು ಹೊಂದಿಸುತ್ತದೆ. ಸುಳ್ಳು ಹೇಳುವುದಿಲ್ಲ, ಆದರೆ ಮಸುಕು. ಹೊಸದು ಸಾವಿರಾರು ಫೋಟೊಗಳನ್ನು ನೋಡಿ ಕಲಿತ ತಂತ್ರಾಂಶ. 2021ರಲ್ಲಿ ಬಂದ ರಿಯಲ್-ಇಎಸ್‌ಆರ್‌ಗ್ಯಾನ್ ಇವುಗಳಲ್ಲಿ ಪ್ರಸಿದ್ಧ, ಉಚಿತವಾಗಿ ಸಿಗುವ `Upscayl` ಇಂಥ ಮಾದರಿಗಳನ್ನು ಕಂಪ್ಯೂಟರ್‌ನಲ್ಲಿ ಓಡಿಸುತ್ತದೆ. ಇದು ಅಂಚುಗಳನ್ನು ಚೂಪು ಮಾಡುತ್ತದೆ, ಇಲ್ಲದ ವಿವರವನ್ನು ಊಹಿಸಿ ಬರೆಯುತ್ತದೆ.

ಊಹೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಜಗತ್ತಿಗೇ ಗೊತ್ತಾದ ಉದಾಹರಣೆಯಿದೆ. 2020ರ ಜೂನ್‌ನಲ್ಲಿ, ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ರೂಪಿಸಿದ ಪಲ್ಸ್ ಎಂಬ ತಂತ್ರಾಂಶಕ್ಕೆ ಬರಾಕ್ ಒಬಾಮ ಅವರ ಚೌಕಚೌಕವಾಗಿ ಮಸುಕಾದ ಫೋಟೊ ಕೊಟ್ಟಾಗ ಸ್ಪಷ್ಟವಾದ ಮುಖವೊಂದು ಬಂತು. ಅದು ಬಿಳಿಯ ವ್ಯಕ್ತಿಯೊಬ್ಬನ ಮುಖ! ಫೋಟೊದಲ್ಲಿ ಅಡಗಿದ್ದ ಒಬಾಮ ಅವರನ್ನು ಅದು ಹೊರತೆಗೆಯಲಿಲ್ಲ, ಆ ಮಸುಕಿಗೆ ಹೊಂದುವ ಯಾವುದೋ ಮುಖವನ್ನು ಬರೆಯಿತು. ಈ ಕಾರಣಕ್ಕೇ ಹಿಗ್ಗಿಸುವಾಗ 'ಫೇಸ್ ಎನ್‌ಹಾನ್ಸ್' ಅಥವಾ ಮುಖ ಸುಧಾರಣೆ ಎಂಬ ಆಯ್ಕೆ ಇದ್ದರೆ ಆಫ್ ಮಾಡಿ ಎಂದು ನಾವು ಹೇಳುತ್ತೇವೆ. ಅಜ್ಜಿಯ ಕಣ್ಣಿನ ಸುತ್ತಲಿನ ಸುಕ್ಕನ್ನು ಅದು ಕೊಳೆ ಎಂದುಕೊಳ್ಳುತ್ತದೆ.

ನಮ್ಮ ಫೋಟೊವನ್ನು ನಾಲ್ಕು ಪಟ್ಟು ಹಿಗ್ಗಿಸಿ 4800 × 7200 ಮಾಡಿಕೊಂಡು, ಆಮೇಲೆ 3600 × 5400ಕ್ಕೆ ಇಳಿಸಬಹುದು. ಹೀಗೆ ಇಳಿಸುವಾಗ ತಂತ್ರಾಂಶ ಬರೆದ ಸಣ್ಣಪುಟ್ಟ ಅಸಹಜ ಗೆರೆಗಳು ಸ್ವಲ್ಪ ಮೆತ್ತಗಾಗುತ್ತವೆ. ಅಷ್ಟಕ್ಕೂ ಕೂದಲು ಎಣ್ಣೆಬಣ್ಣದ ಚಿತ್ರದಂತೆ ಕಂಡರೆ ಒಂದು ಉಪಾಯವಿದೆ. ಅದೇ ಫೋಟೊವನ್ನು ಬೈಕ್ಯೂಬಿಕ್‌ನಲ್ಲೂ 3600 × 5400ಕ್ಕೆ ಹಿಗ್ಗಿಸಿ ಕೆಳಗಿಡಿ, ಎಐ ಹಿಗ್ಗಿಸಿದ್ದನ್ನು ಮೇಲಿಟ್ಟು `Opacity`ಯನ್ನು 50ರ ಆಸುಪಾಸಿಗೆ ಇಳಿಸಿ. ಮುಖದ ಮೇಲೆ ಇನ್ನೂ ಕಡಿಮೆ ಇರಲಿ. ಚೂಪು ಸ್ವಲ್ಪ ಕಡಿಮೆಯಾಗುತ್ತದೆ, ನಂಬಿಕೆ ಹುಟ್ಟಿಸುವ ಗುಣ ಹೆಚ್ಚಾಗುತ್ತದೆ.

ಸೀರೆಯ ವಿಷಯವೇ ಬೇರೆ

ಕೂದಲು ಹೇಗಿತ್ತು ಎಂದು ಯಾರೂ ಎಳೆ ಎಣಿಸಿ ನೆನಪಿಟ್ಟುಕೊಂಡಿರುವುದಿಲ್ಲ. ಸೀರೆ ಹಾಗಲ್ಲ. ಇಳಕಲ್ ಸೀರೆಯ ತೋಪುತೆನಿ ಸೆರಗಿನಲ್ಲಿ ಕೆಂಪಿನ ಮೇಲೆ ಬಿಳಿಯ ಗೋಪುರದಂಥ ಆಕಾರಗಳು ಲೆಕ್ಕದ ಪ್ರಕಾರ ಬರುತ್ತವೆ. ಎಐಗೆ ಆ ಲೆಕ್ಕ ಗೊತ್ತಿಲ್ಲ. ಅದು 'ಕೆಂಪು ಸೀರೆ, ಬಿಳಿ ವಿನ್ಯಾಸ' ಎಂದುಕೊಂಡು ಗೋಪುರವನ್ನು ಅರ್ಧಕ್ಕೆ ಬಾಗಿಸಿ ಎಲೆಯಾಗಿ ಮುಗಿಸಬಹುದು. ಹಿಗ್ಗಿಸಿದಾಗ ಆ ತಪ್ಪು ಇನ್ನಷ್ಟು ಖಚಿತವಾದ ಗೆರೆಗಳಲ್ಲಿ ನಿಲ್ಲುತ್ತದೆ. ಮೊಬೈಲ್‌ನಲ್ಲಿ ಯಾರಿಗೂ ಕಾಣದು, ಗೋಡೆಯ ಮೇಲೆ ಮನೆಯ ಹೆಂಗಸರ ಕಣ್ಣಿಗೆ ಮೊದಲು ಬೀಳುವುದೇ ಅದು.

ಹೀಗಾಗಿ ಬಟ್ಟೆಗೆ ಎಐ ಕೊನೆಯ ಆಯ್ಕೆಯಾಗಿರಲಿ. ಅದೇ ಫೋಟೊದಲ್ಲಿ ಕಾಣುವ ಸೆರಗಿನ ಭಾಗವನ್ನು ಕ್ಲೋನ್ ಮಾಡಿ ತುಂಬಲು ಆಗುತ್ತದೆಯೇ ನೋಡಿ. ಅದಕ್ಕಿಂತ ಒಳ್ಳೆಯದೆಂದರೆ, ಆ ಸೀರೆ ಇನ್ನೂ ಮನೆಯ ಟ್ರಂಕಿನಲ್ಲಿದ್ದರೆ ಹೊರತೆಗೆಯಿರಿ. ಯಾರಾದರೂ ಅದನ್ನು ಹೆಗಲ ಮೇಲೆ ಹಾಗೆಯೇ ಹಾಕಿಕೊಂಡು, ಮೂಲ ಫೋಟೊದಲ್ಲಿ ಬೆಳಕು ಯಾವ ಕಡೆಯಿಂದ ಬಂದಿದೆಯೋ ಆ ಕಡೆಗೆ ತಿರುಗಿ ನಿಲ್ಲಲಿ, ಹತ್ತಿರದಿಂದ ಫೋಟೊ ತೆಗೆದು ಆ ಭಾಗವನ್ನು ಜೋಡಿಸಿ. ಎಐಗೆ ಕೊಡಬೇಕಾದದ್ದು ಜೋಡಣೆಯ ಅಂಚನ್ನು ಬೆಸೆಯುವ ಕೆಲಸ ಮಾತ್ರ. ಹೀಗೆ ಬಂದ ತೇಪೆಯಲ್ಲಿ ನೇಯ್ಗೆ ನಿಜವಾದದ್ದಾಗಿರುತ್ತದೆ. ಅದನ್ನು ಮೂಲದ ಅಳತೆಗೆ ಕುಗ್ಗಿಸಬೇಡಿ, 3600 × 5400ಕ್ಕೆ ಹಿಗ್ಗಿಸಿದ ಫೈಲ್‌ನಲ್ಲೇ ಜೋಡಿಸಿ. ತೇಪೆ ಮೊದಲು, ಹಿಗ್ಗಿಸುವುದು ಆಮೇಲೆ ಎಂಬ ಮಾತಿಗೆ ಇದೊಂದೇ ಅಪವಾದ.

ಶಾರ್ಪನ್ ಕೊನೆಗೆ

ಶಾರ್ಪನ್ ಮಾಡುವುದೆಂದರೆ ವಿವರ ಸೇರಿಸುವುದಲ್ಲ. ಕಪ್ಪು ಮತ್ತು ಬಿಳುಪು ಸೇರುವ ಅಂಚಿನಲ್ಲಿ ಕಪ್ಪನ್ನು ಇನ್ನಷ್ಟು ಕಪ್ಪಾಗಿಸಿ, ಬಿಳುಪನ್ನು ಇನ್ನಷ್ಟು ಬೆಳ್ಳಗಾಗಿಸಿ ಕಣ್ಣಿಗೆ ಮೋಡಿ ಮಾಡುವುದು. ಫಿಲ್ಮ್ ಕಾಲದ ಕತ್ತಲಕೋಣೆಯಲ್ಲಿ ನೆಗೆಟಿವ್‌ನ ಮಸುಕಾದ ಪ್ರತಿಯೊಂದನ್ನು ಅದರ ಜೊತೆಗೇ ಇಟ್ಟು ಇದನ್ನು ಮಾಡುತ್ತಿದ್ದರು. `Unsharp Mask` ಎಂಬ ವಿಚಿತ್ರ ಹೆಸರು ಬಂದದ್ದು ಅಲ್ಲಿಂದ.

ಅಂಚಿನಲ್ಲಿ ಹೀಗೆ ಮೂಡುವ ಬಿಳಿ ಗೆರೆ ಸಣ್ಣದಿದ್ದಷ್ಟು ಒಳ್ಳೆಯದು. ಹಿಗ್ಗಿಸುವ ಮೊದಲೇ ಇಡೀ ಫೋಟೊಗೆ ಜೋರಾಗಿ ಶಾರ್ಪನ್ ಮಾಡಿ 2 ಪಿಕ್ಸೆಲ್ ಗೆರೆ ಮೂಡಿಸಿದಿರಿ ಎನ್ನಿ. ಮೂರು ಪಟ್ಟು ಹಿಗ್ಗಿಸಿದಾಗ ಅದು 6 ಪಿಕ್ಸೆಲ್, ಪ್ರಿಂಟ್‌ನಲ್ಲಿ ಅರ್ಧ ಮಿಲಿಮೀಟರ್. ತುರುಬಿನ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದಂತೆ ಕಾಣುತ್ತದೆ. ಅದಕ್ಕೇ ಇಡೀ ಫೋಟೊದ ಶಾರ್ಪನ್ ಕೊನೆಯ ಅಳತೆಗೆ ಬಂದ ಮೇಲೆ, ಒಂದೇ ಸಲ. 300 ಪಿಕ್ಸೆಲ್‌ನ ಪ್ರಿಂಟ್‌ಗೆ `Radius` 1ರಿಂದ 1.5, `Amount` 100ರ ಆಸುಪಾಸು, `Threshold` 3 ಇಟ್ಟು ಶುರುಮಾಡಿ. ಕೆನ್ನೆ, ಹಣೆಯನ್ನು ಮಾಸ್ಕ್ ಮಾಡಿ ಬಿಟ್ಟುಬಿಡಿ. ಫೋನ್‌ನಲ್ಲಿ `Snapseed` ಬಳಸುವವರು `Details` ಒಳಗಿನ `Sharpening` ಬಳಸಿ, `Structure` ಎಳೆಯುವಾಗ ಕೈ ಬಿಗಿಹಿಡಿಯಿರಿ.

ಕಾಗದದ ಮೇಲೆ ಚಿತ್ರ ಪರದೆಗಿಂತ ಸ್ವಲ್ಪ ಮೆತ್ತಗೆ ಬರುತ್ತದೆ. ಹಾಗಾಗಿ ಪರದೆಯಲ್ಲಿ ಒಂದು ಗುಲಗಂಜಿಯಷ್ಟು ಹೆಚ್ಚು ಚೂಪಾಗಿ ಕಂಡರೆ ಪರವಾಗಿಲ್ಲ. ಹೊಳೆಯುವ ಗ್ಲಾಸಿ ಕಾಗದಕ್ಕೆ ಕಡಿಮೆ, ಮ್ಯಾಟ್ ಕಾಗದಕ್ಕೆ ತುಸು ಹೆಚ್ಚು.

ದೊಡ್ಡ ಪ್ರಿಂಟ್‌ಗೆ ಮೊದಲು ಚಿಕ್ಕದೊಂದು

ಪರದೆ ನೋಡಿ ತೀರ್ಮಾನಿಸುವುದು ಕಷ್ಟ. ಮುಗಿದ ಫೈಲ್‌ನಿಂದ 1200 × 1800 ಪಿಕ್ಸೆಲ್‌ನ ಒಂದು ತುಂಡನ್ನು, ಹಳೆಯ ಕೂದಲು, ಹೊಸ ಕೂದಲು, ಸೆರಗು ಮೂರೂ ಬರುವಂತೆ ಕತ್ತರಿಸಿ. ಚಿಕ್ಕದು ಮಾಡಬೇಡಿ, ಬರೀ ಕತ್ತರಿಸಿ. ಅದನ್ನು ಲ್ಯಾಬ್‌ನಲ್ಲಿ 4 × 6 ಇಂಚಿಗೆ ಪ್ರಿಂಟ್ ಹಾಕಿಸಿದರೆ ದೊಡ್ಡ ಫ್ರೇಮ್‌ನ ಅಷ್ಟು ಭಾಗ ಹೇಗೆ ಬರುತ್ತದೆಯೋ ಹಾಗೆಯೇ ಕೈಗೆ ಸಿಗುತ್ತದೆ. ಆಟೊ ಕರೆಕ್ಷನ್ ಬೇಡ ಎಂದು ಹೇಳಿ, ಇಲ್ಲದಿದ್ದರೆ ಲ್ಯಾಬ್‌ನ ಯಂತ್ರ ಇನ್ನೊಂದು ಸಲ ಶಾರ್ಪನ್ ಮಾಡಬಹುದು. ಆ ತುಂಡನ್ನು ಕಿಟಕಿ ಬೆಳಕಿನಲ್ಲಿ ಹಿಡಿದು, ಎಲ್ಲಿ ತೇಪೆ ಹಾಕಿದ್ದೀರಿ ಎಂದು ಹೇಳದೆ ಮನೆಯವರೊಬ್ಬರಿಗೆ ತೋರಿಸಿ. ಅವರ ಬೆರಳು ನೇರ ಅಲ್ಲಿಗೇ ಹೋದರೆ ಕೆಲಸ ಇನ್ನೂ ಬಾಕಿಯಿದೆ.

ಎಷ್ಟು ಮಾಡಿದರೂ ಸರಿಬರದಿದ್ದರೆ ಫ್ರೇಮ್ ಚಿಕ್ಕದು ಮಾಡುವುದು ಸೋಲಲ್ಲ. ಕತ್ತರಿಸಿದ ಮೂಲ ಫೋಟೊ 1200 × 1800 ಪಿಕ್ಸೆಲ್ ಇತ್ತಲ್ಲ, ಅದು ಯಾವ ಹಿಗ್ಗಿಸುವಿಕೆಯೂ ಇಲ್ಲದೆ 4 × 6 ಇಂಚಿಗೆ ಸರಿಯಾಗಿ 300ರ ಲೆಕ್ಕಕ್ಕೆ ಬರುತ್ತದೆ. 8 × 12 ಇಂಚಿಗೆ ಎರಡು ಪಟ್ಟು ಹಿಗ್ಗಿಸಿದರೆ ಸಾಕು, ಆಗ ಊಹೆಯ ಪಾಲೂ ಕಡಿಮೆ.

ಕೊನೆಗೆ ಫೈಲ್ ಅನ್ನು ಲ್ಯಾಬ್‌ಗೆ ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಫೋಟೊ ಆಗಿ ಕಳಿಸಬೇಡಿ. ಉದ್ದದ ಬದಿ 5400 ಇದ್ದದ್ದು ಅಲ್ಲಿ 1600ರ ಆಸುಪಾಸಿಗೆ ಇಳಿಯುತ್ತದೆ, 12 × 18 ಇಂಚಿನಲ್ಲಿ ಇಂಚಿಗೆ 89 ಪಿಕ್ಸೆಲ್. ಅಂದರೆ ನಾವು ಶುರುಮಾಡಿದ 100ಕ್ಕಿಂತಲೂ ಕಡಿಮೆ. `Document` ಆಗಿ ಲಗತ್ತಿಸಿ, ಇಲ್ಲವೇ ಪೆನ್‌ಡ್ರೈವ್‌ನಲ್ಲಿ ಕೊಟ್ಟು ಬನ್ನಿ.